ಹೋಗುವಾಗ 60, ಬರುವಾಗ 40: ಸರಾಸರಿ 50 ಯಾಕಲ್ಲ?

ಪ್ರಶ್ನೆ: ಸರ್, ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಾ ಇದ್ದೀನಿ. ಒಬ್ಬ ಒಂದೂರಿಂದ ಇನ್ನೊಂದೂರಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 40 ಕಿ.ಮೀ. ವೇಗದಲ್ಲಿ ವಾಪಸ್ ಬರ್ತಾನೆ. ಸರಾಸರಿ ವೇಗ ಎಷ್ಟು ಅಂದ್ರೆ ಕೀ ಆನ್ಸರ್‌ನಲ್ಲಿ 48 ಅಂತಿದೆ. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದ್ರೆ 50 ಬರಬೇಕಲ್ವಾ? ಊರುಗಳ ನಡುವಿನ ದೂರವನ್ನೂ ಕೊಟ್ಟಿಲ್ಲ. ಸೂತ್ರ ಬಾಯಿಪಾಠ ಆಗಿದೆ, ಆದ್ರೆ ಯಾಕೆ ಅಂತ ತಲೆಗೆ ಹೋಗ್ತಿಲ್ಲ.

ಉತ್ತರ: ಸೂತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ದೂರ ಕೊಟ್ಟಿಲ್ಲ ಅಂದರೆ ನಮಗೆ ಅನುಕೂಲವಾದದ್ದನ್ನು ಇಟ್ಟುಕೊಳ್ಳಬಹುದು. 60ಕ್ಕೂ 40ಕ್ಕೂ ಸಲೀಸಾಗಿ ಭಾಗವಾಗುವ 120 ಕಿ.ಮೀ. ಇರಲಿ.

ಹೋಗುವಾಗ ಗಂಟೆಗೆ 60ರಂತೆ 120 ಕಿ.ಮೀ.ಗೆ 2 ಗಂಟೆ. ಬರುವಾಗ 40ರಂತೆ ಅದೇ 120ಕ್ಕೆ 3 ಗಂಟೆ. ಒಟ್ಟು 240 ಕಿ.ಮೀ., ಒಟ್ಟು 5 ಗಂಟೆ. ಭಾಗಿಸಿದರೆ 48. ದೂರವನ್ನು 240 ಮಾಡಿ ನೋಡಿ, ಸಮಯವೂ 4 ಮತ್ತು 6 ಗಂಟೆ ಆಗುತ್ತದೆ, ಉತ್ತರ ಮತ್ತೆ 48. ದೂರ ಹೆಚ್ಚಾದಷ್ಟೇ ಪಾಲಿನಲ್ಲಿ ಸಮಯವೂ ಹೆಚ್ಚುವುದರಿಂದ ಭಾಗಿಸುವಾಗ ದೂರ ಹೊಡೆದುಹೋಗುತ್ತದೆ. ಪ್ರಶ್ನೆಯಲ್ಲಿ ಅದನ್ನು ಕೊಡದೇ ಇರುವುದು ಅದಕ್ಕೇ.

ಈಗ ನಿಮ್ಮ 50 ಎಲ್ಲಿ ಜಾರಿತು ನೋಡಿ. ಆ ಐದು ಗಂಟೆಯನ್ನು ಒಂದೊಂದಾಗಿ ಬಿಡಿಸಿ ಬರೆಯಿರಿ: 60, 60, 40, 40, 40. ಐದು ಗಂಟೆಯಲ್ಲಿ ಎರಡು ಗಂಟೆ ಮಾತ್ರ ಗಾಡಿ 60ರಲ್ಲಿತ್ತು, ಮೂರು ಗಂಟೆ 40ರಲ್ಲಿತ್ತು. ಈ ಐದನ್ನು ಕೂಡಿದರೆ 240, ಐದರಿಂದ ಭಾಗಿಸಿದರೆ 48. ಅಂದರೆ ನೀವು ಕೂಡಿ ಭಾಗಿಸಿದ್ದೇ ತಪ್ಪಲ್ಲ. ಐದು ಅಂಕಿ ಕೂಡಬೇಕಾದ ಕಡೆ ಎರಡೇ ಕೂಡಿದಿರಿ, ಅಷ್ಟೇ. 60ಕ್ಕೂ 40ಕ್ಕೂ ಸಮಪಾಲು ಕೊಟ್ಟಿರಿ, ಆದರೆ ರಸ್ತೆಯಲ್ಲಿ ಅವಕ್ಕೆ ಸಮಪಾಲು ಸಿಕ್ಕಿರಲಿಲ್ಲ. ನಿಧಾನಕ್ಕೆ ಹೋದಷ್ಟೂ ಅದೇ ದೂರಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ನಿಧಾನದ ವೇಗಕ್ಕೇ ಲೆಕ್ಕದಲ್ಲಿ ಹೆಚ್ಚು ತೂಕ.

ಗಾಡಿಯ ಲೆಕ್ಕ ಬೇಜಾರಾದರೆ ತರಕಾರಿ ಅಂಗಡಿಗೆ ಬನ್ನಿ. ಒಂದು ವಾರ ಟೊಮೆಟೊ ಕೆ.ಜಿ.ಗೆ 60 ರೂಪಾಯಿ, ಮುಂದಿನ ವಾರ 40. ಎರಡೂ ವಾರ ಒಂದೊಂದು ಕೆ.ಜಿ. ತಂದರೆ 100 ರೂಪಾಯಿಗೆ 2 ಕೆ.ಜಿ., ಸರಾಸರಿ 50. ಇಲ್ಲಿ ನಿಮ್ಮ ಲೆಕ್ಕವೇ ಸರಿ. ಆದರೆ ಎರಡೂ ವಾರ 120 ರೂಪಾಯಿಗೆ ಎಷ್ಟು ಬರುತ್ತೋ ಅಷ್ಟು ಅಂತ ತಂದಿರಿ ಅನ್ನಿ. ಮೊದಲ ವಾರ 2 ಕೆ.ಜಿ., ಎರಡನೇ ವಾರ 3 ಕೆ.ಜಿ. ಒಟ್ಟು 240 ರೂಪಾಯಿಗೆ 5 ಕೆ.ಜಿ., ಕೆ.ಜಿ.ಗೆ 48. ಅಂಗಡಿಯವನು ಬದಲಾಗಿಲ್ಲ, ದರವೂ ಬದಲಾಗಿಲ್ಲ. ಎರಡು ಸಲ ಸಮವಾಗಿದ್ದದ್ದು ತೂಕವೋ ದುಡ್ಡೋ ಅನ್ನುವುದಷ್ಟೇ ಬದಲಾಯಿತು. ಹೋಗಿಬರುವ ಪ್ರಯಾಣದಲ್ಲಿ ಸಮವಾಗಿರುವುದು ದೂರ, ಅದು ಇಲ್ಲಿನ 120 ರೂಪಾಯಿ ಇದ್ದ ಹಾಗೆ. ಸಮಯ ಇಲ್ಲಿನ ಕೆ.ಜಿ.

ಹೀಗಿರುವಾಗ 48ಕ್ಕೂ 50ಕ್ಕೂ ವ್ಯತ್ಯಾಸ ಬರೀ ಎರಡು, ಅದಕ್ಕೇನು ಇಷ್ಟು ತಲೆ ಕೆಡಿಸಿಕೊಳ್ಳುವುದು ಅಂತ ಅನ್ನಿಸಬಹುದು. ವೇಗಗಳು ಹತ್ತಿರ ಹತ್ತಿರ ಇದ್ದಾಗ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ನಿಜ. 55 ಮತ್ತು 45 ಇದ್ದರೆ ಸರಿಯುತ್ತರ 49.5, ಯಾರಿಗೆ ಬೇಕು ಆ ಅರ್ಧ! ವೇಗಗಳು ದೂರ ದೂರ ಸರಿದಂತೆ ತಪ್ಪು ಹೇಗೆ ಬೆಳೆಯುತ್ತದೆ ಅಂತ ನೋಡಬೇಕಾದರೆ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯಬೇಕು.

ಬೆಂಗಳೂರಿನ ಸೈಕಲ್‌ನವರಿಗೆ ಭಾನುವಾರದ ಬೆಳಗ್ಗೆ ಅಂದರೆ ನಂದಿ. ಬುಡದಿಂದ ಮೇಲಿನವರೆಗೆ ಲೆಕ್ಕಕ್ಕೆ 8 ಕಿ.ಮೀ. ಏರು ಅಂತ ಇಟ್ಟುಕೊಳ್ಳೋಣ. ನನ್ನಂಥ ಸಾಮಾನ್ಯ ಸವಾರ ಅದನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ಪೂರ್ತಿ ಒಂದು ಗಂಟೆ. ಇಳಿಯುವಾಗ ತಿರುವುಗಳಲ್ಲಿ ಬ್ರೇಕ್ ಹಿಡಿದುಕೊಂಡು ಬಂದರೂ 32 ಸಿಗುತ್ತದೆ ಅನ್ನಿ, ಅಲ್ಲಿಗೆ 15 ನಿಮಿಷ. ಹಾಗೇ ಕೂಡಿ ಭಾಗಿಸಿದರೆ ಸರಾಸರಿ 20. ನಿಜವಾದ ಲೆಕ್ಕ: 16 ಕಿ.ಮೀ.ಗೆ 75 ನಿಮಿಷ, ಅಂದರೆ ಗಂಟೆಗೆ 12.8. ನಾನು ಮೊದಲ ಸಲ ಕೆಳಗಿಳಿದು ಹ್ಯಾಂಡಲ್ ಮೇಲಿನ ಮೀಟರ್ ನೋಡಿದಾಗ ಅದು ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ. ಕೆಟ್ಟಿರಲಿಲ್ಲ. ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ನಿಮಿಷ ನಾನು ಏದುಸಿರು ಬಿಡುತ್ತಾ ಎಂಟರಲ್ಲೇ ಇದ್ದೆ ಅನ್ನುವುದು ಅದಕ್ಕೆ ಗೊತ್ತಿತ್ತು, ಇಳಿಜಾರಿನ ಗಾಳಿ ಕಿವಿಯಲ್ಲಿ ತುಂಬಿಕೊಂಡಿದ್ದ ನನಗೆ ಮರೆತಿತ್ತು.

ಇದೇ ಬೆಟ್ಟದಲ್ಲಿ ಇನ್ನೊಂದು ಪ್ರಶ್ನೆ. ಹತ್ತುವಾಗ 8 ಆಗಿಹೋಗಿದೆ. ಒಟ್ಟಾರೆ ಸರಾಸರಿ 16 ಬರಬೇಕಾದರೆ ಎಷ್ಟು ವೇಗದಲ್ಲಿ ಇಳಿಯಬೇಕು? ತಟ್ಟನೆ ಬರುವ ಉತ್ತರ 24, ಯಾಕೆಂದರೆ 8 ಮತ್ತು 24ರ ಮಧ್ಯೆ 16 ಇದೆ. ಆದರೆ ನಿಧಾನವಾಗಿ ಯೋಚಿಸಿ. ಸರಾಸರಿ 16 ಅಂದರೆ 16 ಕಿ.ಮೀ. ಒಂದು ಗಂಟೆಯಲ್ಲಿ ಮುಗಿಯಬೇಕು. ಆ ಒಂದು ಗಂಟೆಯನ್ನು ಹತ್ತುವುದರಲ್ಲೇ ಖರ್ಚು ಮಾಡಿಬಿಟ್ಟಿದ್ದೇವೆ! ಇಳಿಯಲು ಸೊನ್ನೆ ನಿಮಿಷ ಉಳಿದಿದೆ. ರಾಕೆಟ್ ಕಟ್ಟಿಕೊಂಡು ಇಳಿದರೂ ಸರಾಸರಿ 16ಕ್ಕೆ ಮುಟ್ಟುವುದಿಲ್ಲ. ಯಾವ ಹೋಗಿಬರುವ ಪ್ರಯಾಣದಲ್ಲೂ ಸರಾಸರಿ ವೇಗ, ನಿಧಾನದ ವೇಗದ ಎರಡರಷ್ಟನ್ನು ಮುಟ್ಟಲಾರದು. ನಿಮ್ಮ ಪರೀಕ್ಷೆಯ ಲೆಕ್ಕದಲ್ಲಿ 40 ಇದೆಯಲ್ಲ, ಆತ ಇನ್ನೊಂದು ಕಡೆ ಎಷ್ಟೇ ಓಡಿಸಿದರೂ ಸರಾಸರಿ 80 ದಾಟುವುದಿಲ್ಲ.

ಈ ಒಗಟು ಹಳೆಯದು, ದೊಡ್ಡವರನ್ನೂ ಎಡವಿಸಿದೆ. ಮನಃಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ ಇದನ್ನು ಪತ್ರದಲ್ಲಿ ಐನ್‌ಸ್ಟೈನ್‌ಗೆ ಕಳಿಸಿದ್ದರು. ಒಂದು ಹಳೆಯ ಕಾರು, ಒಂದು ಮೈಲಿ ಏರು, ಒಂದು ಮೈಲಿ ಇಳಿಜಾರು. ಏರುವಾಗ ಗಂಟೆಗೆ 15 ಮೈಲಿ. ಒಟ್ಟು ಸರಾಸರಿ 30 ಬರಲು ಎಷ್ಟು ವೇಗದಲ್ಲಿ ಇಳಿಯಬೇಕು? ಲೆಕ್ಕ ಹಾಕಿ ನೋಡುವವರೆಗೆ, ಇಳಿಯಲು ಸಮಯವೇ ಉಳಿದಿಲ್ಲ ಅನ್ನುವುದು ತನಗೆ ಹೊಳೆಯಲಿಲ್ಲ ಎಂದು ಐನ್‌ಸ್ಟೈನ್ ಒಪ್ಪಿಕೊಂಡರು. ನಿಮ್ಮ 50ಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಈಗ ಸೂತ್ರಕ್ಕೆ ಬರೋಣ. ದೂರ d, ವೇಗಗಳು a ಮತ್ತು b ಆದರೆ ಒಟ್ಟು ದೂರ 2d, ಒಟ್ಟು ಸಮಯ d/a + d/b. ಭಾಗಿಸಿದಾಗ d ಹೊಡೆದುಹೋಗಿ ಉಳಿಯುವುದು ನೀವು ಬಾಯಿಪಾಠ ಮಾಡಿದ್ದೇ:

```
2ab / (a + b)
```

ಇದಕ್ಕೆ ಹರಾತ್ಮಕ ಮಾಧ್ಯ ಅಂತ ಹೆಸರು. ನಾವು ಸಾಮಾನ್ಯವಾಗಿ ಕೂಡಿ ಭಾಗಿಸುವುದು ಸಮಾಂತರ ಮಾಧ್ಯ. ಪರೀಕ್ಷಾ ಹಾಲ್‌ನಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದು ದಾರಿ: ನಿಮಗೆ ತಟ್ಟನೆ ಬರುವ 50 ಇದೆಯಲ್ಲ, ಅದರಿಂದ ಎಷ್ಟು ಕಳೆಯಬೇಕು ಅಂತ ಮಾತ್ರ ನೋಡುವುದು. ಕಳೆಯಬೇಕಾದದ್ದು ಇಷ್ಟು:

```
(a - b)² / (2(a + b))
```

60, 40ಕ್ಕೆ ವ್ಯತ್ಯಾಸ 20, ಅದರ ವರ್ಗ 400, ಕೆಳಗೆ 200, ಅಂದರೆ 2. ಐವತ್ತರಲ್ಲಿ ಎರಡು ಕಳೆದರೆ 48. ನಂದಿಯ 32, 8ಕ್ಕೆ ವ್ಯತ್ಯಾಸ 24, ವರ್ಗ 576, ಕೆಳಗೆ 80, ಅಂದರೆ 7.2. ಇಪ್ಪತ್ತರಲ್ಲಿ ಕಳೆದರೆ 12.8. ವ್ಯತ್ಯಾಸದ ವರ್ಗ ಮೇಲೆ ಕೂತಿರುವುದರಿಂದಲೇ ಹತ್ತಿರದ ವೇಗಗಳಲ್ಲಿ ತಪ್ಪು ಕಾಣಿಸುವುದಿಲ್ಲ, ದೂರದ ವೇಗಗಳಲ್ಲಿ ಮುಖಕ್ಕೆ ಹೊಡೆಯುತ್ತದೆ.

ಎಚ್ಚರ ಬೇಕಾದ ಕಡೆ ಒಂದಿದೆ. ಪ್ರಶ್ನೆಪತ್ರಿಕೆ ಮಾಡುವವರಿಗೂ ನೀವು ಸೂತ್ರ ಬಾಯಿಪಾಠ ಮಾಡಿದ್ದೀರಿ ಅಂತ ಗೊತ್ತು. ಹಾಗಾಗಿ 'ಮೊದಲ 3 ಗಂಟೆ 60ರಲ್ಲಿ, ನಂತರದ 3 ಗಂಟೆ 40ರಲ್ಲಿ ಚಲಿಸಿದರೆ' ಅಂತ ಕೇಳುತ್ತಾರೆ. ಆಯ್ಕೆಗಳಲ್ಲಿ 48ನ್ನೂ ಇಟ್ಟಿರುತ್ತಾರೆ. ಇಲ್ಲಿ ಸಮವಾಗಿರುವುದು ಸಮಯ, ದೂರವಲ್ಲ. 180 ಮತ್ತು 120 ಸೇರಿ 300 ಕಿ.ಮೀ., ಆರು ಗಂಟೆ, ಉತ್ತರ 50. ದೂರವೂ ಸಮ ಇಲ್ಲ, ಸಮಯವೂ ಸಮ ಇಲ್ಲ ಅಂದರೆ ಯಾವ ಸೂತ್ರವೂ ಬೇಡ, ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿ. ಮೂರು ಸಮಭಾಗದ ದಾರಿಯಲ್ಲಿ ಮೂರು ವೇಗ ಕೊಟ್ಟಾಗ ಕೆಲವರು ಮೊದಲೆರಡಕ್ಕೆ ಸೂತ್ರ ಹಾಕಿ, ಬಂದದ್ದಕ್ಕೂ ಮೂರನೆಯದಕ್ಕೂ ಮತ್ತೆ ಅದೇ ಸೂತ್ರ ಹಾಕುತ್ತಾರೆ. ಅದು ತಪ್ಪು. ಹಾಗೆ ಮಾಡಿದರೆ ಮೂರನೇ ಭಾಗಕ್ಕೆ ಮೊದಲೆರಡು ಭಾಗ ಸೇರಿದಷ್ಟು ತೂಕ ಕೊಟ್ಟಂತಾಗುತ್ತದೆ.

ಇನ್ನು ಮಾತಿನ ಬಗ್ಗೆ ಒಂದು ಮಾತು. ನಾವು ಆಡುಮಾತಿನಲ್ಲಿ ವೇಗ ಅಂತೀವಿ, ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ಜವ ಅಂತ ಇರುತ್ತದೆ. ಅಲ್ಲಿ ವೇಗ ಅಂದರೆ ದಿಕ್ಕೂ ಸೇರಿದ್ದು. ಹೊರಟ ಜಾಗಕ್ಕೇ ವಾಪಸ್ ಬಂದವನ ಸ್ಥಾನಪಲ್ಲಟ ಸೊನ್ನೆ, ಹಾಗಾಗಿ ಭೌತಶಾಸ್ತ್ರದ ಪತ್ರಿಕೆಯಲ್ಲಿ 'ಸರಾಸರಿ ವೇಗ' ಕೇಳಿದರೆ ಉತ್ತರವೂ ಸೊನ್ನೆ, 48 ಅಲ್ಲ. ಪ್ರಶ್ನೆ ಯಾವ ವಿಷಯದ್ದು ಅಂತ ನೋಡಿಕೊಂಡು ಬರೆಯಿರಿ.

ಬೆಟ್ಟದ ಮೇಲೆ ಅರ್ಧ ಗಂಟೆ ಚಹಾ ಕುಡಿಯುತ್ತಾ ಕೂತರೆ? ಗಡಿಯಾರದ ಪ್ರಕಾರ 16 ಕಿ.ಮೀ.ಗೆ 105 ನಿಮಿಷ, ಸರಾಸರಿ ಒಂಬತ್ತರ ಆಸುಪಾಸು. ಸೈಕಲ್ ಆಪ್‌ಗಳು ಓಡುತ್ತಿದ್ದ ಸಮಯವನ್ನೂ ಒಟ್ಟು ಸಮಯವನ್ನೂ ಬೇರೆ ಬೇರೆ ತೋರಿಸುವುದು ಇದಕ್ಕೇ. ಗೆಳೆಯರ ಗುಂಪಿನಲ್ಲಿ ಯಾರು ಯಾವುದನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಗುಂಪಿನಲ್ಲೇ ಒಬ್ಬನಿಗೆ ಆ 12.8 ಸಹಿಸಲಾಗಲಿಲ್ಲ. ಇಳಿಯುವಾಗ ಬ್ರೇಕ್ ಕಡಿಮೆ ಮಾಡಿ 48ರಲ್ಲಿ ಬರುತ್ತೇನೆ ಅಂತ ಹೊರಟ. ಟೀ ಅಂಗಡಿಯ ಬೆಂಚಿನ ಮೇಲೆ ಲೆಕ್ಕ ಹಾಕಿದೆವು. ಇಳಿಯಲು 15 ನಿಮಿಷದ ಬದಲು 10, ಉಳಿದದ್ದು 5 ನಿಮಿಷ. ಒಟ್ಟು 70 ನಿಮಿಷ, ಸರಾಸರಿ 13.7. ಅದೇ, ಇಳಿಯುವುದನ್ನು 32ಕ್ಕೇ ಬಿಟ್ಟು, ಹತ್ತುವುದನ್ನು 8ರಿಂದ 10ಕ್ಕೆ ಏರಿಸಿದರೆ 60 ನಿಮಿಷ 48ಕ್ಕೆ ಇಳಿಯುತ್ತದೆ, ಉಳಿಯುವುದು 12 ನಿಮಿಷ, ಸರಾಸರಿ 15.2. ಇಳಿಜಾರಿನಲ್ಲಿ ಹದಿನಾರು ಕಿ.ಮೀ. ಹೆಚ್ಚಿಸಿ ಸಿಗದೇ ಇದ್ದದ್ದು ಏರಿನಲ್ಲಿ ಎರಡೇ ಕಿ.ಮೀ. ಹೆಚ್ಚಿಸಿದರೆ ಸಿಗುತ್ತದೆ. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಆ ಎರಡು ಕಿ.ಮೀ. ಹೆಚ್ಚಿಸುವುದು ನಿನ್ನ ಪೆನ್ನಿನಷ್ಟು ಸುಲಭ ಅಲ್ಲಪ್ಪ ಅಂದ.