ಶಿಫ್ಟ್ ಶುರುವಿನ ಸುರಕ್ಷತೆ ಮಾತು: ಕೇಳಿಸಿಕೊಳ್ಳುವ ಹಾಗೆ ಹೇಳುವುದು ಹೇಗೆ?

ಓದುಗರ ಪ್ರಶ್ನೆ: ನಾನು ಪ್ಯಾಕಿಂಗ್ ಲೈನಿನ ಸೂಪರ್‌ವೈಸರ್. ದಿನಾ ಶಿಫ್ಟ್ ಶುರುವಾಗುವ ಮೊದಲು ಹತ್ತು ನಿಮಿಷ ಸುರಕ್ಷತೆಯ ಬಗ್ಗೆ ಹೇಳುತ್ತೇನೆ. ಎಲ್ಲರೂ ನಿಂತಿರುತ್ತಾರೆ, ಆದರೆ ಯಾರೂ ಕೇಳುತ್ತಿಲ್ಲ ಅನಿಸುತ್ತದೆ. ಏನು ಬರೆದುಕೊಂಡು ಹೇಳಬೇಕು?

ಉತ್ತರ: ನೀವು ನಿನ್ನೆ ಹೇಳಿದ್ದನ್ನು ಒಂದು ಸಲ ನೆನಪಿಸಿಕೊಳ್ಳಿ. "ಹೆಲ್ಮೆಟ್ ಹಾಕಿ, ಗ್ಲೌಸ್ ಹಾಕಿ, ಹುಷಾರಾಗಿ ಕೆಲಸ ಮಾಡಿ" ಅಂತ ಇತ್ತು, ಅಲ್ವಾ? ಈ ಮಾತು ತಪ್ಪಲ್ಲ. ಆದರೆ ಮೊನ್ನೆಯೂ ಇದೇ ಮಾತು, ನಾಳೆಯೂ ಇದೇ. ತಲೆ ಮೇಲೆ ತಿರುಗುವ ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ಕೇಳಿಸುವುದೇ ನಿಂತು ಹೋಗುತ್ತದೆ. ಬದಲಾಗದ ಮಾತಿಗೂ ಹಾಗೇ ಆಗುತ್ತದೆ. ಇದು ಕೆಲಸಗಾರರ ಅಸಡ್ಡೆಯಲ್ಲ.

ಹಾಗಾಗಿ ಪೂರ್ತಿ ಭಾಷಣ ಬರೆದಿಟ್ಟುಕೊಳ್ಳಬೇಡಿ. ನಾಲ್ಕು ಖಾಲಿ ಸಾಲು ಇಟ್ಟುಕೊಂಡು ದಿನಾ ಹೊಸದಾಗಿ ತುಂಬಿ. ನಿನ್ನೆಗಿಂತ ಇವತ್ತು ಏನು ಬೇರೆ? ಅದರಿಂದ ಯಾರ ಮೈಗೆ ಏನಾಗಬಹುದು? ಆಗ ಕೈಯಿಂದ ಏನು ಮಾಡಬೇಕು? ಕೊನೆಗೆ ಒಬ್ಬರಿಗೆ ಒಂದು ಪ್ರಶ್ನೆ. ಇಷ್ಟಕ್ಕೆ ಮೂರು ನಿಮಿಷ ಸಾಕು. ದಿನಕ್ಕೆ ಒಂದೇ ಅಪಾಯ, ಎರಡು ಬೇಡ.

ಮೊದಲ ಸಾಲು ತುಂಬುವುದೇ ಕಷ್ಟದ ಕೆಲಸ. ಅದು ಆಫೀಸಿನಲ್ಲಿ ಕೂತರೆ ಸಿಗುವುದಿಲ್ಲ. ಹಿಂದಿನ ಶಿಫ್ಟಿನವರು ಹೊರಡುವ ಮುಂಚೆ ಹೋಗಿ, "ಇವತ್ತು ಎಲ್ಲಿ ತೊಂದರೆ ಕೊಟ್ಟಿತು?" ಅಂತ ಕೇಳಿ. ಲೈನಿನ ಉದ್ದಕ್ಕೂ ಒಂದು ಸುತ್ತು ನಡೆದು ಬನ್ನಿ.

ಅವರು "ಮೂರನೇ ಕನ್ವೇಯರಿನ ತಿರುವಿನಲ್ಲಿ ಡಬ್ಬ ನಾಲ್ಕು ಸಲ ಸಿಕ್ಕಿಕೊಂಡಿತು, ಕೈ ಹಾಕಿ ತೆಗೆದೆವು" ಅಂದರು ಅಂದುಕೊಳ್ಳಿ. ಅಲ್ಲಿ ಡಬ್ಬ ನಿಂತರೆ ಸೆನ್ಸರ್ ಬೆಲ್ಟನ್ನು ನಿಲ್ಲಿಸುತ್ತದೆ. ಡಬ್ಬ ತೆಗೆದ ಕೂಡಲೇ ಬೆಲ್ಟ್ ತಾನಾಗಿಯೇ ಓಡುತ್ತದೆ. ಆಗ ಕೈ ಇನ್ನೂ ಒಳಗೇ ಇರುತ್ತದೆ. ಇವತ್ತಿನ ಮಾತು ಇದೇ. ತಂಡವನ್ನು ಆ ಕನ್ವೇಯರಿನ ಪಕ್ಕಕ್ಕೇ ಕರೆದುಕೊಂಡು ಹೋಗಿ, ಲೈನ್ ಶುರುವಾಗುವ ಮುಂಚೆ ಹೀಗೆ ಹೇಳಿ:

"ಹಿಂದಿನ ಶಿಫ್ಟಿನಲ್ಲಿ ಈ ತಿರುವಿನಲ್ಲಿ ನಾಲ್ಕು ಸಲ ಡಬ್ಬ ಸಿಕ್ಕಿಕೊಂಡಿದೆ. ನಮಗೂ ಸಿಕ್ಕಿಕೊಳ್ಳುತ್ತದೆ. ಬೆಲ್ಟ್ ನಿಂತಿದೆ ಅಂತ ಕೈ ಹಾಕಿದರೆ, ಡಬ್ಬ ಹೊರಬಂದ ತಕ್ಷಣ ಅದು ಓಡುತ್ತದೆ. ಬೆರಳು ಈ ರೋಲರಿನ ಸಂದಿಗೆ ಹೋಗುತ್ತದೆ, ನೋಡಿ. ಸಿಕ್ಕಿಕೊಂಡರೆ ಮೊದಲು ಈ ಮೇನ್ ಸ್ವಿಚ್ ಆಫ್ ಮಾಡಿ. ಆ ಸ್ವಿಚ್ಚಿಗೆ ನಿಮ್ಮ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಸ್ಟಾರ್ಟ್ ಬಟನ್ ಒತ್ತಿ, ಬೆಲ್ಟ್ ಓಡುವುದಿಲ್ಲ ಅಂತ ನೋಡಿ. ಆಮೇಲೆ ಕೈ ಹಾಕಿ. ಇದರಿಂದ ಲೈನ್ ತಡವಾದರೆ ಆ ಲೆಕ್ಕ ನನ್ನದು."

ಕೊನೆಯ ವಾಕ್ಯವನ್ನು ಬಿಡಬೇಡಿ. ಟಾರ್ಗೆಟ್ ತಪ್ಪುತ್ತದೆ ಅನ್ನುವ ಭಯದಿಂದಲೇ ಜನ ಜಾಸ್ತಿ ಕೈ ಹಾಕುವುದು. ನೀವು ಹಾಗೆ ಹೇಳಿದ ಮೇಲೆ ತಡವಾಗಿದ್ದಕ್ಕೆ ಒಬ್ಬರನ್ನು ಬೈದರೂ, ಮರುದಿನದಿಂದ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಈಗ ಪ್ರಶ್ನೆ. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಳೇ ಆಪರೇಟರ್ ಒಬ್ಬರನ್ನು ಕೇಳಿ: "ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಸಾಲದಾ?" ಅವರು "ಸಾಕು" ಅಂದರೆ ಒಳ್ಳೆಯದೇ ಆಯಿತು, ಯಾಕೆಂದರೆ ತಪ್ಪು ತಿಳುವಳಿಕೆ ಹೊರಗೆ ಬಂತು. ಆ ಬಟನ್ ಓಡುವ ಯಂತ್ರವನ್ನು ತುರ್ತಾಗಿ ನಿಲ್ಲಿಸಲು ಇರುವುದು. ಅದನ್ನು ಯಾರು ಬೇಕಾದರೂ ಬಿಡಿಸಿ ಮತ್ತೆ ಸ್ಟಾರ್ಟ್ ಮಾಡಬಹುದು. ನಿಮ್ಮ ಬೀಗವನ್ನು ಬೇರೆಯವರು ತೆಗೆಯಲಾರರು. ಮೊದಲ ಸಲ ಕೈ ಹಾಕುವ ಹೊಸ ಹೆಲ್ಪರ್ ಇದ್ದರೆ, ಅವರ ಕೈಯಲ್ಲೇ ಒಮ್ಮೆ ಬೀಗ ಹಾಕಿಸಿ. ನೀವು ಮಾತಾಡುವ ಭಾಷೆ ಅವರಿಗೆ ಬಾರದಿದ್ದರೆ ಇದು ಇನ್ನೂ ಮುಖ್ಯ.

ಹಾಜರಿ ಪುಸ್ತಕದ ಸಹಿಯಿಂದ ಮಾತು ತಲುಪಿತಾ ಅಂತ ತಿಳಿಯುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಲೈನಿಗೆ ಹೋಗಿ, ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ: "ಇವತ್ತು ಯಾವುದರ ಬಗ್ಗೆ ಹೇಳಿದೆ?" "ಮೂರನೇ ಕನ್ವೇಯರ್, ಬೀಗ" ಅಂದರೆ ಸರಿ. "ಸೇಫ್ಟಿ ಬಗ್ಗೆ" ಅಂದರೆ ನಾಳೆಯ ಮಾತನ್ನು ಇನ್ನೂ ಚಿಕ್ಕದು ಮಾಡಿ.

ಒಂದು ಎಚ್ಚರಿಕೆ ಇದೆ. ಇದೇ ತಿರುವಿನ ಬಗ್ಗೆ ಮೂರನೇ ದಿನವೂ ಹೇಳಬೇಕಾಗಿ ಬಂದರೆ, ಅದು ಮಾತಿನಿಂದ ಸರಿಹೋಗುವ ತೊಂದರೆಯಲ್ಲ. ಮೇಂಟೆನೆನ್ಸ್‌ನವರನ್ನು ಕರೆಸಿ. ತಿರುವಿನ ಗೈಡ್ ಪಟ್ಟಿ ಬಿಗಿಯಾಗಿದ್ದರೆ ಅಗಲ ಮಾಡಲಿ. ಡಬ್ಬ ತೆಗೆದ ಮೇಲೂ ಯಾರಾದರೂ ಸ್ಟಾರ್ಟ್ ಬಟನ್ ಒತ್ತುವವರೆಗೆ ಬೆಲ್ಟ್ ಓಡದ ಹಾಗೆ ಮಾಡಲಿ. ಅವರು ಯಾವ ದಿನ ಮಾಡಿಕೊಡುತ್ತಾರೆ ಅನ್ನುವುದನ್ನು ಮರುದಿನದ ಮೊದಲ ಸಾಲಿನಲ್ಲಿ ತಂಡಕ್ಕೆ ಹೇಳಿ.