ಕ್ಯಾಮೆರಾಕ್ಕೂ ಒಂದು ಕುರ್ಚಿ: ಹೈಬ್ರಿಡ್ ಮೀಟಿಂಗ್‌ನಲ್ಲಿ ಕಣ್ಣು ಎಲ್ಲಿಡಬೇಕು?

ಕೆಲವರು ರೂಮಿನಲ್ಲಿ, ಕೆಲವರು ಆನ್‌ಲೈನ್‌ನಲ್ಲಿ ಇರುವ ಮೀಟಿಂಗ್‌ಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಕ್ಯಾಮೆರಾ ನೋಡಿ ಮಾತಾಡಿ." ಅದನ್ನು ಹಾಗೇ ಪಾಲಿಸಿದರೆ ಎದುರಿಗೆ ಕೂತವರಿಗೆ ಬೆನ್ನು ಹಾಕಿದಂತಾಗುತ್ತದೆ, ಪಾಲಿಸದಿದ್ದರೆ ಆನ್‌ಲೈನ್‌ನಲ್ಲಿರುವವರು ಒಂದು ಗಂಟೆ ನಮ್ಮ ಕಿವಿ ನೋಡಿಕೊಂಡು ಕೂರುತ್ತಾರೆ. ಈ ಇಕ್ಕಟ್ಟು ಅಭ್ಯಾಸದಿಂದ ಬಗೆಹರಿಯುವುದಿಲ್ಲ, ಯಾಕೆಂದರೆ ತಪ್ಪಿರುವುದು ಕ್ಯಾಮೆರಾ ಇಟ್ಟ ಜಾಗದಲ್ಲಿ.

ಸಾಮಾನ್ಯ ಮೀಟಿಂಗ್ ರೂಮಿನಲ್ಲಿ ಗೋಡೆಗೆ ಟಿವಿ, ಟಿವಿಯ ಮೇಲೆ ಕ್ಯಾಮೆರಾ ಇರುತ್ತದೆ. ಎಲ್ಲರೂ ಕೂತೇ ಮಾತಾಡುವುದಾದರೆ ಇದು ಸರಿ. ಒಬ್ಬರು ಎದ್ದು ಟಿವಿ ಪಕ್ಕ ನಿಂತು ವಿವರಿಸಲು ಹೊರಟರೆ ಕ್ಯಾಮೆರಾ ಅವರ ಪಕ್ಕಕ್ಕೋ ಹಿಂದಕ್ಕೋ ಬೀಳುತ್ತದೆ. ಪರಿಹಾರವೆಂದರೆ ಇನ್ನೊಂದು ಕ್ಯಾಮೆರಾವನ್ನು ಕೇಳುಗರ ಕಡೆ, ಮೇಜಿನ ಆಚೆ ತುದಿಯಲ್ಲಿ, ಒಂದು ಕುರ್ಚಿ ತೆಗೆದು ಆ ಜಾಗದಲ್ಲಿ ಇಡುವುದು. ಆಗ ಲೆನ್ಸ್ ಕೂಡ ಕೇಳುಗರ ಪೈಕಿ ಒಂದಾಗುತ್ತದೆ, ಅದನ್ನು ನೋಡಿದಾಗ ರೂಮಿನವರಿಗೂ ಮುಖ ತಮ್ಮ ಕಡೆಗೇ ಇದೆ ಅನ್ನಿಸುತ್ತದೆ.

ತಲೆಕೆಡಿಸುವ ಭಾಗ: ಲೆನ್ಸ್ ನೋಡುವುದೋ, ಮುಖಗಳನ್ನು ನೋಡುವುದೋ

ಲೆನ್ಸ್ ನೋಡಿದರೆ ಆಚೆಯವರ ಮುಖ ಕಾಣುವುದಿಲ್ಲ, ತಲೆಯಾಡಿಸಿದರೋ ಹುಬ್ಬು ಗಂಟಿಕ್ಕಿದರೋ ಗೊತ್ತಾಗುವುದಿಲ್ಲ. ಮುಖ ನೋಡಿದರೆ ಕಣ್ಣು ಲೆನ್ಸಿನಿಂದ ಜಾರುತ್ತದೆ. ಎರಡೂ ಬೇಕು, ಕಣ್ಣು ಮಾತ್ರ ಒಂದೇ ಜೋಡಿ. ಇಲ್ಲಿ ಒಂದು ಸಣ್ಣ ಲೆಕ್ಕ ಕೆಲಸಕ್ಕೆ ಬರುತ್ತದೆ.

ಸ್ಟ್ಯಾನ್‌ಫರ್ಡ್‌ನ ಮಿಲ್ಟನ್ ಚೆನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೀಡಿಯೊದಲ್ಲಿ ಎದುರಿನವರ ದೃಷ್ಟಿ ನಮ್ಮ ಕಣ್ಣಿಗಿಂತ ಸ್ವಲ್ಪ ಕೆಳಗಿದ್ದರೆ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಳಗೆ ಸುಮಾರು 5 ಡಿಗ್ರಿವರೆಗೆ ಜಾರಿದರೂ "ನನ್ನನ್ನೇ ನೋಡುತ್ತಿದ್ದಾರೆ" ಅನ್ನಿಸುತ್ತದೆ. ಮೇಲಕ್ಕೋ ಪಕ್ಕಕ್ಕೋ ಜಾರಿದರೆ ಸುಮಾರು 1 ಡಿಗ್ರಿಯಲ್ಲೇ ಸಿಕ್ಕಿಬೀಳುತ್ತೇವೆ. ಹಾಗಾಗಿ ಮುಖಗಳಿರುವ ಸ್ಕ್ರೀನ್ ಲೆನ್ಸಿನ ಪಕ್ಕದಲ್ಲಿ ಇರಕೂಡದು, ನೇರ ಕೆಳಗೇ ಇರಬೇಕು.

ಎಷ್ಟು ಕೆಳಗೆ? ನಿಂತ ಜಾಗದಿಂದ ಲೆನ್ಸಿಗಿರುವ ದೂರವನ್ನು 0.087ರಿಂದ ಗುಣಿಸಿ. ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತಾಡುವಾಗ ದೂರ 60 ಸೆಂಟಿಮೀಟರ್, ಅಂದರೆ ಕೆಳಗೆ ಸಿಗುವ ರಿಯಾಯಿತಿ 5 ಸೆಂಟಿಮೀಟರ್ ಅಷ್ಟೇ. ಸ್ಕ್ರೀನಿನ ಮೇಲಿನ ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಆಚೆ. ಅದೇ ರೂಮಿನಲ್ಲಿ ಲೆನ್ಸ್ 3 ಮೀಟರ್ ದೂರದಲ್ಲಿದ್ದರೆ ರಿಯಾಯಿತಿ 26 ಸೆಂಟಿಮೀಟರ್. 14 ಇಂಚಿನ ಲ್ಯಾಪ್‌ಟಾಪ್ ಸ್ಕ್ರೀನಿನ ಎತ್ತರ 20 ಸೆಂಟಿಮೀಟರ್ ಮೀರುವುದಿಲ್ಲ. ಅಂದರೆ ಲೆನ್ಸನ್ನು ಸ್ಕ್ರೀನಿನ ಮೇಲಂಚಿಗೆ ತಾಗಿಸಿ ಇಟ್ಟರೆ ಇಡೀ ಸ್ಕ್ರೀನೇ ಲೆಕ್ಕದೊಳಗೆ ಬಂತು! ಮುಖಗಳನ್ನೇ ನೋಡುತ್ತಾ ಮಾತಾಡಿದರೂ ಆಚೆಯವರಿಗೆ ಕಣ್ಣು ಕೂಡಿದಂತೆಯೇ ಕಾಣುತ್ತದೆ. ಕ್ಯಾಮೆರಾ ದೂರ ಹೋದಷ್ಟೂ ಕೆಲಸ ಸಲೀಸು. ಒಬ್ಬರೇ ಮನೆಯಿಂದ ಸೇರುವಾಗ ಇಲ್ಲದ ಈ ಅನುಕೂಲ ರೂಮಿನಲ್ಲಿದೆ, ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ.

ಪಕ್ಕದ ಲೆಕ್ಕ ಇಷ್ಟು ಉದಾರವಲ್ಲ. 3 ಮೀಟರ್ ದೂರದಲ್ಲಿ 1 ಡಿಗ್ರಿ ಅಂದರೆ ಬರೀ 5 ಸೆಂಟಿಮೀಟರ್. ಲೆನ್ಸಿನಿಂದ 60 ಸೆಂಟಿಮೀಟರ್ ಪಕ್ಕದಲ್ಲಿ ಮಾನಿಟರ್ ಇಟ್ಟರೆ ಕಣ್ಣು 11 ಡಿಗ್ರಿ ಓರೆಯಾಗುತ್ತದೆ. ನೋಡುವವರಿಗೆ "ಇವರು ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದಾರೆ" ಅನ್ನಿಸುವುದು ಇದರಿಂದಲೇ.

ಇದಕ್ಕೊಂದು ಮಿತಿಯೂ ಇದೆ. ಐದಾರು ಜನರ ಮುಖವಾದರೆ 3 ಮೀಟರ್ ಆಚೆಯಿಂದ ಲ್ಯಾಪ್‌ಟಾಪಿನಲ್ಲಿ ಗುರುತು ಸಿಗುತ್ತದೆ, ಹದಿನೈದು ಜನರಾದರೆ ಸಾಸಿವೆ ಕಾಳು. ಆಗ 24 ಇಂಚಿನ ಮಾನಿಟರ್ ತನ್ನಿ. ಅದರ ಎತ್ತರ ಸುಮಾರು 30 ಸೆಂಟಿಮೀಟರ್, ಮೂರೂವರೆ ಮೀಟರ್ ದೂರವಿದ್ದರೆ ಅದೂ ಲೆಕ್ಕದೊಳಗೆ ಕೂರುತ್ತದೆ. ಆ ಸ್ಕ್ರೀನಿನಲ್ಲಿ ನಮ್ಮ ಮುಖ ಕಾಣದಂತೆ ಮಾಡಿ (ಝೂಮ್‌ನಲ್ಲಿ `Hide Self View`), ಇಲ್ಲದಿದ್ದರೆ ಕಣ್ಣು ಕನ್ನಡಿ ಹುಡುಕಿಕೊಂಡು ಅಲ್ಲಿಗೇ ಹೋಗುತ್ತದೆ.

ಎತ್ತರದ ವಿಷಯ ಚಿಕ್ಕದು. ಕೂತವರ ಕಣ್ಣು ನೆಲದಿಂದ ಸುಮಾರು 120 ಸೆಂಟಿಮೀಟರ್‌ನಲ್ಲಿರುತ್ತದೆ. ಲೆನ್ಸ್ 140ರ ಆಸುಪಾಸಿನಲ್ಲಿದ್ದರೆ ತಲೆಗಳು ಅಡ್ಡ ಬರುವುದಿಲ್ಲ. ಇನ್ನೂ ಮೇಲೇರಿಸಿದರೆ ರೂಮಿನವರಿಗೆ ನಾವು ಗೋಡೆಯ ಗಡಿಯಾರ ನೋಡುತ್ತಿರುವಂತೆ ಕಾಣುತ್ತದೆ.

ವಾಕ್ಯ ಮುಗಿಯುವ ತನಕ ಕಣ್ಣು ಕದಲಬಾರದು

"ಇಷ್ಟು ಸೆಕೆಂಡ್ ರೂಮು, ಇಷ್ಟು ಸೆಕೆಂಡ್ ಕ್ಯಾಮೆರಾ" ಎಂದು ಅಳೆದು ನೋಡುವವರು ಫ್ಯಾನಿನಂತೆ ತಿರುಗುತ್ತಾರೆ. ಅಳತೆ ವಾಕ್ಯದ್ದಾಗಿರಲಿ, ಒಂದು ವಾಕ್ಯ ಒಬ್ಬರಿಗೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. "ಈ ತಿಂಗಳ ಬಿಲ್ಲುಗಳನ್ನು ಹಳೇ ಪದ್ಧತಿಯಲ್ಲೇ" ಎನ್ನುವವರೆಗೆ ಕ್ಯಾಮೆರಾ ನೋಡಿ, "ಕಳಿಸೋದು ಬೇಡ" ಎನ್ನುವಾಗ ರೂಮಿನ ಕಡೆ ತಿರುಗಿದರೆ ನಿರ್ಧಾರ ಇರುವ ಪದವೇ ಆಚೆಯವರ ಕೈತಪ್ಪಿತು. ಮುಖ ತಿರುಗಿದರೆ ಮೈಕಿನಲ್ಲಿ ದನಿಯೂ ಇಳಿಯುತ್ತದೆ, ಹಾಗಾಗಿ ಕೆಲವೊಮ್ಮೆ ಆ ಪದ ಕೇಳಿಸುವುದೂ ಇಲ್ಲ.

ಒಂದು ಉದಾಹರಣೆ. ಬೆಂಗಳೂರಿನ ರೂಮಿನಲ್ಲಿ ಎಂಟು ಜನ, ಮಂಗಳೂರು ಮತ್ತು ಕಲಬುರಗಿಯಿಂದ ಐವರು ಆನ್‌ಲೈನ್‌ನಲ್ಲಿ.

"ಮುಂದಿನ ಸೋಮವಾರದಿಂದ ಬಿಲ್ಲುಗಳೆಲ್ಲ ಹೊಸ ಫಾರ್ಮಿನಲ್ಲೇ ಬರಬೇಕು." ಹೊಸ ವಿಷಯ, ಕ್ಯಾಮೆರಾ ನೋಡಿ.

"ಇಲ್ಲಿ ಅಕೌಂಟ್ಸ್‌ನವರು ಎರಡು ವಾರದಿಂದ ಬಳಸಿ ನೋಡಿದ್ದಾರೆ." ರೂಮಿನಲ್ಲಿರುವ ಅವರನ್ನೇ ನೋಡಿ. ತಿರುಗುವುದು ಕತ್ತು ಮಾತ್ರ, ಪಾದಗಳು ಲೆನ್ಸಿನ ಕಡೆಗೇ ಇರಲಿ. ದೇಹ ಪೂರ್ತಿ ತಿರುಗಿದರೆ ವಾಪಸ್ ಬರುವುದು ಮರೆತುಹೋಗುತ್ತದೆ.

"ಸುಮಾ ಮೇಡಂ, ಮಂಗಳೂರಿನಲ್ಲಿ ಈ ಫಾರ್ಮಿನಿಂದ ಏನಾದರೂ ತೊಂದರೆ ಆಗುತ್ತಾ?" ಮತ್ತೆ ಕ್ಯಾಮೆರಾ. ಹೆಸರು ಮೊದಲು, ಪ್ರಶ್ನೆ ಆಮೇಲೆ. ಪ್ರಶ್ನೆ ಮುಗಿಯುವಷ್ಟರಲ್ಲಿ ಅವರು ಅನ್‌ಮ್ಯೂಟ್ ಮಾಡಿಕೊಂಡಿರುತ್ತಾರೆ.

ಪ್ರಶ್ನೆ ಕೇಳಿದ ಮೇಲಿನ ಮೌನ

ಎದುರೆದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಸಮಯ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಆನ್‌ಲೈನ್‌ನವರಿಗೆ ನಮ್ಮ ದನಿ ತಲುಪುವುದೇ ತಡ, ಆಮೇಲೆ ಬಟನ್ ಹುಡುಕಬೇಕು, ಅವರ ದನಿ ಇಲ್ಲಿಗೆ ಬರಬೇಕು. ಈ ಓಟದಲ್ಲಿ ರೂಮಿನವರೇ ಗೆಲ್ಲುತ್ತಾರೆ. "ಯಾರಿಗಾದರೂ ಡೌಟ್ ಇದೆಯಾ?" ಎಂದು ಎಲ್ಲರಿಗೂ ಒಟ್ಟಿಗೆ ಕೇಳುವುದು ಅದಕ್ಕೇ ವ್ಯರ್ಥ. ಮೊದಲು ಆನ್‌ಲೈನ್‌ನವರನ್ನು ಕೇಳಿ, ಲೆನ್ಸಿನಿಂದ ಕಣ್ಣು ತೆಗೆಯದೆ ಮನಸ್ಸಿನಲ್ಲೇ ಏಳರವರೆಗೆ ಎಣಿಸಿ, ಆಮೇಲೆ ರೂಮಿಗೆ ಬನ್ನಿ. ಕಣ್ಣು ಅಲ್ಲೇ ಇದ್ದರೆ ಸರದಿ ಯಾರದೆಂದು ರೂಮಿನವರಿಗೂ ಗೊತ್ತಾಗುತ್ತದೆ, ನಡುವೆ ಬಾಯಿ ಹಾಕುವುದಿಲ್ಲ.

ರೂಮಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ಒಮ್ಮೆ ಕ್ಯಾಮೆರಾಕ್ಕೆ ಹೇಳಿ, ಉತ್ತರವನ್ನು ಕೇಳಿದವರ ಕಡೆ ನೋಡಿ ಶುರುಮಾಡಿ, ಕೊನೆಯ ವಾಕ್ಯ ಕ್ಯಾಮೆರಾದಲ್ಲಿ ಮುಗಿಸಿ. ಬೋರ್ಡು ತೋರಿಸಿ "ಇದು, ಅದು" ಅನ್ನುವುದರ ಬದಲು "ಮೂರನೇ ಸಾಲಿನ ಮೊತ್ತ" ಅನ್ನಿ.

ಸರಿಯಾಗಿದೆಯೇ ಎಂದು ನೋಡುವ ಬಗೆ

ಮೀಟಿಂಗ್‌ಗೆ ಮುಂಚೆ ಇಬ್ಬರನ್ನು ಕೂರಿಸಿ, ಒಬ್ಬರು ಲೆನ್ಸಿನ ಪಕ್ಕ, ಇನ್ನೊಬ್ಬರು ಮಾತಾಡುವವರಿಗೆ ತೀರ ಹತ್ತಿರದ ಕುರ್ಚಿಯಲ್ಲಿ. ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ದನಿ ಬಂದ್ ಮಾಡಿ ನೋಡಿ. ಕಣ್ಣು ಸ್ಕ್ರೀನಿನಿಂದ ಹೊರಗೆ, ಎಡಕ್ಕೋ ಬಲಕ್ಕೋ ನೆಟ್ಟಿದ್ದರೆ ಮುಖಗಳಿರುವ ಸ್ಕ್ರೀನನ್ನು ಸರಿಸಿ. ರೆಪ್ಪೆ ಇಳಿಬಿದ್ದು ನಿದ್ದೆಗಣ್ಣಿನಂತಿದ್ದರೆ ಸ್ಕ್ರೀನು ತೀರ ಕೆಳಗಿದೆ. ರೆಕಾರ್ಡಿಂಗ್ ಚೆನ್ನಾಗಿದ್ದು ಹತ್ತಿರದ ಕುರ್ಚಿಯವರು "ನನ್ನ ಕಡೆ ಒಮ್ಮೆಯೂ ನೋಡಲಿಲ್ಲ" ಅಂದರೆ ನೀವು ಮುಂದಕ್ಕೆ ಬಂದು ನಿಂತಿದ್ದೀರಿ, ಒಂದು ಹೆಜ್ಜೆ ಹಿಂದೆ ಸರಿದರೆ ಆ ಕುರ್ಚಿಯೂ ಕಣ್ಣಳತೆಗೆ ಬರುತ್ತದೆ.