ಗ್ರೇನ್: ತಾರೀಖು ಹೋದರೂ ಉಳಿಯಬೇಕಾದದ್ದು

ಫಿಲ್ಮಿನಲ್ಲಿ ತೆಗೆದ ಹಳೆ ಫೋಟೊವನ್ನು ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡಿದರೆ ಆಕಾಶವಾಗಲಿ ಗೋಡೆಯಾಗಲಿ ಒಂದೇ ಬಣ್ಣವಾಗಿ ಕಾಣುವುದಿಲ್ಲ. ಎಲ್ಲೆಡೆ ಸಣ್ಣಸಣ್ಣ ಗುಂಪುಗಳಾಗಿ ತಿಳಿ-ಗಾಢ ಚುಕ್ಕೆಗಳಿರುತ್ತವೆ. ಇದೇ ಗ್ರೇನ್. ಕಪ್ಪು-ಬಿಳುಪು ಫಿಲ್ಮಿನಲ್ಲಿ ಇವು ಬೆಳ್ಳಿಯ ಕಣಗಳು. ಕಲರ್ ನೆಗೆಟಿವ್‌ನಲ್ಲಿ ತೊಳೆಯುವಾಗ ಬೆಳ್ಳಿ ಹೋಗಿ, ಅದರ ಸುತ್ತ ಹುಟ್ಟಿದ ಬಣ್ಣದ ಮೋಡಗಳು ಮಾತ್ರ ಉಳಿಯುತ್ತವೆ. ಹಳೆ ಕ್ಯಾಮೆರಾ ಫೋಟೊದ ಮೂಲೆಯಲ್ಲಿ ಬರೆದ ಕಿತ್ತಳೆ ತಾರೀಖನ್ನು ಕಂಪ್ಯೂಟರಿನಲ್ಲಿ ಅಳಿಸಿದ ಮೇಲೂ ಅಲ್ಲೇನೋ ಆಗಿದೆ ಎಂದು ಕಣ್ಣಿಗೆ ಹೊಳೆಯುವುದು ಈ ಗ್ರೇನ್ ಅಳಿಸಿಹೋಗಿರುವುದರಿಂದ.

ಮುಂಬಯಿಯ ಕನ್ನಡ ಮನೆಯೊಂದರ ಆಲ್ಬಮ್ಮಿನಲ್ಲಿ ಸಿಗಬಹುದಾದ ಫೋಟೊ ತೆಗೆದುಕೊಳ್ಳಿ: ಜುಹು ಬೀಚು, 4×6 ಇಂಚಿನ ಪ್ರಿಂಟ್, ಬಲ ಕೆಳಮೂಲೆಯಲ್ಲಿ ‘94 5 22’. 94 ಮತ್ತು 5 ಹಸಿ ಮರಳಿನ ಮೇಲಿವೆ, 22 ಅಜ್ಜಿಯ ಇಳಕಲ್ ಸೀರೆಯ ದಡಿಯ ಮೇಲೆ ಬಿದ್ದಿದೆ.

ಈ ಅಂಕಿಗಳು ಪ್ರಿಂಟಿನ ಮೇಲೆ ಒತ್ತಿದ ಮುದ್ರೆಯಲ್ಲ. ಕ್ಯಾಮೆರಾದ ಹಿಂಬಾಗಿಲಲ್ಲಿದ್ದ ಪುಟ್ಟ ಕೆಂಪು ದೀಪ ಫಿಲ್ಮಿನ ಬೆನ್ನಿನಿಂದ ಬೆಳಕು ಹಾಯಿಸಿ ಬರೆದದ್ದು, ಹಾಗಾಗಿ ನೆಗೆಟಿವ್‌ನಲ್ಲೂ ಇರುತ್ತವೆ. ಕಲರ್ ಫಿಲ್ಮಿನ ಬೆನ್ನಿಗೆ ಹತ್ತಿರ ಇರುವುದು ಕೆಂಪನ್ನು ಹಿಡಿಯುವ ಪದರ. ಕೆಂಪು ಬೆಳಕು ಮೊದಲು ತಾಗುವುದು ಅದಕ್ಕೇ, ಹೆಚ್ಚಿನ ಹಾನಿಯೂ ಅಲ್ಲೇ. ಬೆಳಕು ಪಕ್ಕಕ್ಕೂ ಹರಡುವುದರಿಂದ ಪ್ರತಿ ಅಂಕಿಯ ಸುತ್ತ ಮಸುಕಾದ ಕೆಂಪು ಪ್ರಭೆ ಇರುತ್ತದೆ. ಅಂಕಿಯನ್ನಷ್ಟೇ ಅಳಿಸಿ ಪ್ರಭೆ ಬಿಟ್ಟರೆ ಮರಳಿನಲ್ಲಿ ಅಂಕಿಯ ಆಕಾರದ ಕೆಂಪು ನೆರಳು ಉಳಿಯುತ್ತದೆ. ಅಳಿಸುವ ಜಾಗ ಅಂಕಿಯ ಗೆರೆಗಿಂತ ಎರಡೂ ಬದಿ ಅಗಲವಾಗಿರಬೇಕು. ಎಷ್ಟು ಅಗಲ ಎಂದು ತಿಳಿಯಲು ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಕೆಂಪೊಂದನ್ನೇ ನೋಡಿ, ಪ್ರಭೆಯ ಅಂಚು ಅಲ್ಲಿ ಸ್ಪಷ್ಟ.

ಸ್ಕ್ಯಾನ್ 600 ಡಿಪಿಐನಲ್ಲಿ, ಟಿಫ್ ಕಡತವಾಗಿರಲಿ. 3600×2400 ಪಿಕ್ಸೆಲ್ ಸಿಗುತ್ತದೆ. ಸ್ಕ್ಯಾನರ್ ತಂತ್ರಾಂಶದ Unsharp Mask, Grain Reduction, Dust Removal ಮೂರನ್ನೂ ತೆಗೆದುಬಿಡಿ. ಫೋಟೊ ಓರೆಯಾಗಿದ್ದರೆ ಮೊದಲೇ ನೇರ ಮಾಡಿ. ತಿರುಗಿಸಿದಾಗ ಪಿಕ್ಸೆಲ್‌ಗಳು ಬೆರೆತು ಗ್ರೇನ್ ತುಸು ಮೆತ್ತಗಾಗುತ್ತದೆ. ಇಡೀ ಚಿತ್ರ ಸಮನಾಗಿ ಮೆತ್ತಗಾದರೆ ಗೊತ್ತಾಗದು, ಅಂಕಿ ಅಳಿಸಿ ಹಾಕಿದ ತೇಪೆಯೊಂದೇ ಆದರೆ ಗೊತ್ತಾಗುತ್ತದೆ. ಮೂಲ ಸ್ಕ್ಯಾನನ್ನು ಹಾಗೇ ಇಟ್ಟುಕೊಂಡು ನಕಲಿನ ಮೇಲೆ ಕೆಲಸ ಮಾಡಿ, ಕಡತದ ಹೆಸರಿನಲ್ಲಿ ತಾರೀಖು ಬರೆದಿಡಿ. ಮನೆಯವರಿಗೆ ಆ ದಿನದ ದಾಖಲೆ ಅದೊಂದೇ ಇರಬಹುದು. (ಬ್ಯಾಟರಿ ಬದಲಿಸಿ ತಾರೀಖು ಹೊಂದಿಸದೇ ಬಿಟ್ಟ ಕ್ಯಾಮೆರಾಗಳೂ ಬೇಕಾದಷ್ಟಿದ್ದವು, ಅದನ್ನೂ ವಿಚಾರಿಸಿ.)

ಮರಳಿನ ಭಾಗಕ್ಕೆ ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನ ಹೀಲ್ ಸಾಧನ ಸಾಕು. ಅದು ಆಯ್ದ ಜಾಗದ ಗ್ರೇನನ್ನು ತಂದು, ಬಣ್ಣ-ಬೆಳಕನ್ನು ಸುತ್ತಲಿನ ಅಂಚಿಗೆ ಹೊಂದಿಸುತ್ತದೆ. ಎಡವುವುದು ಬ್ರಷ್ಷಿನ ಅಂಚಿನಲ್ಲಿ. ಮೆತ್ತನೆಯ ಬ್ರಷ್ ಹಿಡಿದರೆ ಗುರುತು ಕಾಣದು ಎಂದು ಬಹಳ ಜನ ನಂಬುತ್ತಾರೆ. ಗ್ರೇನ್ ವಿಷಯದಲ್ಲಿ ಅದು ತಿರುಗುಮುರುಗು. ಮೆತ್ತನೆ ಅಂಚಿನಲ್ಲಿ ಹಳೆಯದೂ ಹೊಸದೂ ಅರ್ಧರ್ಧ ಬೆರೆಯುತ್ತವೆ. ಸಂಬಂಧವಿಲ್ಲದ ಎರಡು ಗ್ರೇನ್‌ಗಳನ್ನು ಹಾಗೆ ಬೆರೆಸಿದರೆ ತಿಳಿ-ಗಾಢದ ಏರಿಳಿತ ಸುಮಾರು 71%ಗೆ ಇಳಿಯುತ್ತದೆ. ಪ್ರತಿ ಎಳೆತದ ಸುತ್ತ ನುಣುಪಾದ ಬಳೆಯೊಂದು ಬೀಳುತ್ತದೆ, ಮೇಲೆ ಮೇಲೆ ತಿಕ್ಕಿದಷ್ಟೂ ಹೆಚ್ಚುತ್ತದೆ. Hardness ಅನ್ನು 80ರ ಮೇಲಿಟ್ಟು, Opacity 100 ಇಟ್ಟು, ಒಂದು ಜಾಗಕ್ಕೆ ಒಂದೇ ಎಳೆತ ಕೊಡಿ. ಸರಿ ಬರದಿದ್ದರೆ ಮೇಲೆ ತಿಕ್ಕಬೇಡಿ, Undo ಮಾಡಿ ಬೇರೆ ಜಾಗದಿಂದ ತನ್ನಿ.

ತರುವ ಜಾಗ ಅಷ್ಟೇ ಬೆಳಕಿನದ್ದಾಗಿರಬೇಕು. ಗ್ರೇನ್ ಎಲ್ಲ ಛಾಯೆಯಲ್ಲೂ ಒಂದೇ ಸಮ ಕಾಣುವುದಿಲ್ಲ. ಒಣ ಮರಳಿನದನ್ನು ಹಸಿ ಮರಳಿಗೆ ತಂದರೆ ಹೀಲ್ ಬಣ್ಣ ಹೊಂದಿಸುತ್ತದೆ, ಗ್ರೇನ್‌ನ ಒರಟುತನ ಹೊಂದಿಸುವುದಿಲ್ಲ.

ದಡಿಯ ಮೇಲಿನ 22 ಬೇರೆ ಕೆಲಸ. ಇಲ್ಲಿ ಹೀಲ್ ಬಳಸಿದರೆ ದಡಿಯ ಗಾಢ ಬಣ್ಣವೂ ಮರಳಿನ ತಿಳಿ ಬಣ್ಣವೂ ಒಂದಕ್ಕೊಂದು ಇಳಿದು ಕಲೆಯಾಗುತ್ತದೆ. ಬಣ್ಣ ಹೊಂದಿಸದೆ ಇದ್ದದ್ದನ್ನು ಇದ್ದ ಹಾಗೇ ತರುವ ಕ್ಲೋನ್ ಸಾಧನ ಹಿಡಿದು, Alignment ಅನ್ನು Aligned ಮಾಡಿ, ಅದೇ ದಡಿಯ ಮುಂದಿನ ಭಾಗದಿಂದ ಗೆರೆಗೆ ಗೆರೆ ಕೂಡಿಸಿ ತನ್ನಿ. ಅಂಕಿಯ ಕೆಳಗೆ ನೇಯ್ಗೆಯ ಗೆರೆ ಎಲ್ಲಿ ಹಾಯ್ದಿತ್ತು ಎಂದು ಗೊತ್ತಾಗದಿದ್ದರೆ ನೀಲಿ ಚಾನೆಲ್ ನೋಡಿ. ಕೆಂಪು ದೀಪದ ಪೆಟ್ಟು ಅದಕ್ಕೆ ಕಡಿಮೆ, ಗೆರೆಗಳು ಅಲ್ಲಿ ಉಳಿದಿರುವುದು ಹೆಚ್ಚು.

ಕೊನೆಗೆ ಪರೀಕ್ಷೆ. ಚಿತ್ರವನ್ನು 100%ರಲ್ಲಿಟ್ಟು ತಾತ್ಕಾಲಿಕವಾಗಿ ಕಾಂಟ್ರಾಸ್ಟ್ ಏರಿಸಿದರೆ ನುಣುಪು ಜಾಗ ತಾನೇ ಎದ್ದು ಕಾಣುತ್ತದೆ. ಅನುಮಾನವಿದ್ದರೆ ತೇಪೆಯೊಳಗೆ 40×40 ಪಿಕ್ಸೆಲ್ ಆಯ್ದು Histogram ಕಿಟಕಿಯಲ್ಲಿ ಏರಿಳಿತದ ಅಳತೆಯಾದ Std dev ಓದಿ, ಪಕ್ಕದ ಅಷ್ಟೇ ಬೆಳಕಿನ ಜಾಗದಲ್ಲೂ ಓದಿ. ಪಕ್ಕದಲ್ಲಿ 6, ತೇಪೆಯಲ್ಲಿ 4 ಬಂದರೆ ಗ್ರೇನ್ ಸವೆದಿದೆ ಎಂದರ್ಥ. ಆಗ ಅದರ ಮೇಲೆ ಫಿಲ್ಟರಿನಿಂದ ನಾಯ್ಸ್ ಉದುರಿಸಿ ಮುಚ್ಚುವುದು ಸುಲಭ ಅನ್ನಿಸುತ್ತದೆ. ಆದರೆ ಫಿಲ್ಮಿನ ಗ್ರೇನ್ ಎರಡು-ಮೂರು ಪಿಕ್ಸೆಲ್‌ನ ಗುಂಪು, ಫಿಲ್ಟರ್ ಕೊಡುವುದು ಒಂಟಿ ಪಿಕ್ಸೆಲ್‌ನ ಪುಡಿ. ಸಂಖ್ಯೆ ಸರಿಹೋದರೂ ಜಾಗ ಬೇರೆಯಾಗಿಯೇ ಕಾಣುತ್ತದೆ. ಹಿಂದಕ್ಕೆ ಹೋಗಿ ಆ ತೇಪೆಯನ್ನು ಮತ್ತೆ ಹಾಕುವುದೇ ಬೇಗ ಮುಗಿಯುವ ಕೆಲಸ.